`hasana` ಒತ್ತಿದರೆ ‘ಪೋ’ ಬರುತ್ತಿದೆ: ಕನ್ನಡ ಕೀಲಿಮಣೆಯ ದೋಷ ಹುಡುಕುವ ಬಗೆ

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ಅರ್ಜಿ, ಸಂಘಗಳ ವರದಿ, ಇಂಥವೇ ಕೆಲಸ. ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಅವರು ಪಾಠ ಹೇಳಿದ ಶಾಲೆಯ ಹಳೆ ವಿದ್ಯಾರ್ಥಿಗಳು ಸೇರಿ ಎಲ್ಲರ ಹೆಸರು, ಊರು, ವಿಳಾಸ, ಶಾಲೆ ಬಿಟ್ಟ ವರ್ಷ ಇರುವ ಒಂದು ಪಟ್ಟಿ ಮಾಡುತ್ತಿದ್ದರು. ಮೇಷ್ಟ್ರ ಪಾಲಿಗೆ ಬಂದದ್ದು ಕನ್ನಡದಲ್ಲಿ ಟೈಪ್ ಮಾಡುವುದು.

“ಕನ್ನಡ ಹಾಕ್ಕೊಂಡೆ ಕಣಯ್ಯ, ಆದ್ರೆ ಅದು ಕನ್ನಡಾನೇ ಅಲ್ಲ. ಹ ಒತ್ತಿದ್ರೆ ಪ ಬರುತ್ತೆ. ಕೀಬೋರ್ಡ್ ಕೆಟ್ಟಿರಬೇಕು ನೋಡು,” ಅಂದರು.

ಕೀಬೋರ್ಡ್ ಕೆಟ್ಟಿರಲಿಲ್ಲ. ಆ ಪಟ್ಟಿ ಮುಗಿಯುವ ಹೊತ್ತಿಗೆ ಒಂದರ ಹಿಂದೆ ಒಂದರಂತೆ ಮೂರು ಬೇರೆ ಬೇರೆ ದೋಷಗಳು ಸಿಕ್ಕವು. ಮೊದಲನೆಯದು ಕಣ್ಣಿಗೆ ರಾಚುವಂಥದ್ದು, ಎರಡನೆಯದು ಓದಿದರೆ ಗೊತ್ತಾಗುವಂಥದ್ದು. ಮೂರನೆಯದು ಎಷ್ಟು ಓದಿದರೂ ಕಾಣದಂಥದ್ದು. ಕೊನೆಯದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲನೆಯದರಿಂದಲೇ ಹೊರಡಬೇಕು.

## ಒಂದೇ ಪದ ಒತ್ತಿ ನೋಡಿ

ಯಾರ ಕಂಪ್ಯೂಟರ್ ಬಂದರೂ ನಾನು ಮೊದಲು ಮಾಡುವುದು ಇಷ್ಟೇ. ಖಾಲಿ ನೋಟ್‌ಪ್ಯಾಡ್ ತೆರೆದು, ಕನ್ನಡಕ್ಕೆ ಬದಲಿಸಿ, ಇಂಗ್ಲಿಷ್ ಕೀಲಿಗಳ ಮೇಲೆ `hasana` ಎಂದು ಒತ್ತುತ್ತೇನೆ. ಏನು ಮೂಡಿತು ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

`hasana` ಎಂದು ಇಂಗ್ಲಿಷಿನಲ್ಲೇ ಮೂಡಿದರೆ ಕೀಲಿಮಣೆ ಬದಲಾಗಿಯೇ ಇಲ್ಲ. ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಇರುವ ಕೀಲಿಮಣೆಗಳೆಲ್ಲ ಸಾಲಾಗಿ ಕಾಣುತ್ತವೆ. ಅಲ್ಲಿ ಕನ್ನಡ ಇಲ್ಲದಿದ್ದರೆ ಸೇರಿಸಿಕೊಳ್ಳಬೇಕು. ಹಸನ ಎಂದು ಮೂಡಿದರೆ, ಅಥವಾ ಹಸನ, ಹಾಸನ ಎಂಬ ಆಯ್ಕೆಗಳ ಪಟ್ಟಿ ತೆರೆದರೆ ಅದು ಫೊನೆಟಿಕ್, ಅಂದರೆ ಉಚ್ಚಾರಣೆಯನ್ನು ಹಿಡಿದು ಲಿಪ್ಯಂತರ ಮಾಡುವ ಬಗೆ.

ಮೇಷ್ಟ್ರ ಪರದೆಯಲ್ಲಿ ಮೂಡಿದ್ದು ಇವೆರಡೂ ಅಲ್ಲ. ಮೊದಲು ‘ಪೋ’, ಆಮೇಲೆ ಚುಕ್ಕೆ ಚುಕ್ಕೆಯ ಉಂಗುರಕ್ಕೆ ಜೋತುಬಿದ್ದ ದೀರ್ಘಗಳು, ಕೊನೆಗೆ ‘ಲೋ’. ನೋಡಿದವರಿಗೆ ಕಂಪ್ಯೂಟರ್ ಹಾಳಾಗಿದೆ ಎಂದೇ ಅನ್ನಿಸಬೇಕು. ಆದರೆ ಅದು ತನ್ನ ಲೆಕ್ಕಕ್ಕೆ ಸರಿಯಾಗಿಯೇ ನಡೆಯುತ್ತಿತ್ತು. ಅದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರಲ್ಲಿ `h` ಕೀಲಿ ಪ, `a` ಕೀಲಿ ಓತ್ವ, `s` ಕೀಲಿ ಏತ್ವ, `n` ಕೀಲಿ ಲ. ವ್ಯಂಜನ ಇಲ್ಲದೆ ಏತ್ವ, ಓತ್ವಗಳನ್ನು ಒತ್ತಿದರೆ ಅವಕ್ಕೆ ಕೂರಲು ಅಕ್ಷರವೇ ಇರುವುದಿಲ್ಲ. ಅದನ್ನು ತೋರಿಸುವುದಕ್ಕೇ ಆ ಚುಕ್ಕೆ ಉಂಗುರ.

ಹೀಗಾಗುವುದಕ್ಕೆ ಕಾರಣ ಸರಳ. ವಿಂಡೋಸ್ 11ರಲ್ಲಿ `Settings`, `Time & language`, `Language & region` ದಾರಿಯಲ್ಲಿ ಹೋಗಿ `Add a language` ಒತ್ತಿ `Kannada` ಆರಿಸಿದಾಗ ಜೊತೆಗೆ ಬರುವ ಕೀಲಿಮಣೆ ಇನ್‌ಸ್ಕ್ರಿಪ್ಟ್. ಫೊನೆಟಿಕ್ ಬೇಕಿದ್ದವರು ಇನ್ನೊಂದು ಹೆಜ್ಜೆ ಇಡಬೇಕು. ಅದೇ ಪುಟದಲ್ಲಿ ಕನ್ನಡದ ಎದುರಿನ ಮೂರು ಚುಕ್ಕೆ ಒತ್ತಿ, `Language options` ಒಳಗೆ `Add a keyboard` ಒತ್ತಿ `Kannada Phonetic` ಆರಿಸಬೇಕು. ಇದು ವಿಂಡೋಸ್ 10ರ 2019ರ ಮೇ ಪರಿಷ್ಕರಣೆಯಿಂದ ಈಚೆಗೆ ಬಂದದ್ದು. ಅದಕ್ಕಿಂತ ಹಳೆಯ ವಿಂಡೋಸಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎರಡರಲ್ಲಿ ಒಂದೇ ಸಾಕೆನ್ನುವವರು ಬೇಡದ್ದನ್ನು ಅಲ್ಲಿಯೇ ತೆಗೆದುಬಿಡುವುದು ಒಳ್ಳೆಯದು. ಎರಡೂ ಇದ್ದರೆ ಸ್ಪೇಸ್ ಒಂದು ಸಲ ಹೆಚ್ಚು ಒತ್ತಿದಾಗ ಅರಿವಿಲ್ಲದೆ ಇನ್ನೊಂದಕ್ಕೆ ಜಾರಿ ಮತ್ತೆ ‘ಪೋ’ ಶುರುವಾಗುತ್ತದೆ.

ಸರ್ಕಾರಿ ಕಚೇರಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ನಿವೃತ್ತರಾದವರು ಬಂದರೆ ಬೇರೆ ತೊಡಕು. ಅವರ ಬೆರಳಿಗೆ ಅಂಟಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನಾವು ಕಗಪ ಎನ್ನುವುದು. ಅದರಲ್ಲಿ ಹಾಸನಕ್ಕೆ `hAsn` ಸಾಕು, ಏಕೆಂದರೆ ವ್ಯಂಜನದ ಕೀಲಿಯಲ್ಲೇ ಅಕಾರ ಸೇರಿಕೊಂಡಿದೆ. ಅರ್ಧಾಕ್ಷರ ಬೇಕಾದಾಗ ಮಾತ್ರ `f` ಒತ್ತಬೇಕು. ಅವರು ಫೊನೆಟಿಕ್‌ನಲ್ಲಿ ಅದೇ ರೂಢಿಯಲ್ಲಿ ಒತ್ತಿದರೆ ಸ್ವರವೇ ಇಲ್ಲದ ಅರ್ಧಾಕ್ಷರಗಳು ಒಂದರ ಕೆಳಗೆ ಒಂದು ಒತ್ತಾಗಿ ಬೀಳುತ್ತವೆ. ಎಲ್ಲ ಅಕ್ಷರವೂ ಒತ್ತು ಒತ್ತಾಗಿ ಕಂಡರೆ ಬೆರಳು ಕಗಪದ್ದು, ಕೀಲಿಮಣೆ ಫೊನೆಟಿಕ್‌ನದು ಎಂದು ತಿಳಿಯಿರಿ.

ಇನ್ನೊಂದು ಲಕ್ಷಣವಿದೆ, ಅದು ಕೀಲಿಮಣೆಯ ದೋಷವೇ ಅಲ್ಲ. ಹಳೆಯ ಕಡತ ತೆರೆದಾಗ ಕನ್ನಡ ಎಂದಿರಬೇಕಾದಲ್ಲಿ `PÀ£ÀßqÀ` ಎಂದು ಕಂಡರೆ ಅದು ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಮಾಡಿದ್ದು. ಅದಕ್ಕೆ ಪರಿವರ್ತಕ ಬೇಕು. ಎಷ್ಟು ಕೀಲಿಮಣೆ ಸೇರಿಸಿದರೂ ಅದು ಸರಿಹೋಗದು.

ಮೇಷ್ಟ್ರಿಗೆ `Kannada Phonetic` ಹಾಕಿಕೊಟ್ಟೆ. `haasana` ಎಂದು ಒತ್ತಿ ಹಾಸನ ಬಂದದ್ದು ನೋಡಿ ಅವರು ಸಂತೋಷದಿಂದ ಹೊರಟರು.

## ಕಟ್ಟಾಯ ಹೋಗಿ ಕತ್ತಾಯ

ಎರಡು ವಾರ ಕಳೆದ ಮೇಲೆ ಪಟ್ಟಿ ಬಂತು. 212 ಸಾಲು. ಮೇಷ್ಟ್ರೊಬ್ಬರೇ ಮಾಡಿರಲಿಲ್ಲ. ಕೆಲವಷ್ಟನ್ನು ನನ್ನ ತಂಗಿ ಮಗಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುವ ಬಗೆಯಲ್ಲಿ ಹಾಕಿದ್ದಳು. ಇನ್ನು ಕೆಲವನ್ನು ಸಂಘದ ಹಿರಿಯರೊಬ್ಬರು ಫೋನಿನಲ್ಲೇ ಕನ್ನಡ ಅಕ್ಷರಗಳಿರುವ ಕೀಲಿಮಣೆಯಿಂದ ಹಾಕಿದ್ದರು.

ತಂಗಿ ಮಗಳ ಸಾಲುಗಳಲ್ಲಿ ಐದು ಕಡೆ ಕಟ್ಟಾಯ ಎಂಬ ಊರು ಕತ್ತಾಯ ಆಗಿತ್ತು. ಮೊಸಳೆ ಎಂಬ ಊರು ಮೊಸಲೆ ಆಗಿತ್ತು. ಕೇಳಿದರೆ, “ನಾನು ಸರಿಯಾಗೇ ಹೊಡೆದಿದ್ದೀನಿ ಮಾವ, ಅದೇ ಹಾಗೆ ಮಾಡುತ್ತೆ,” ಅಂದಳು. ಅವಳ ಮಾತು ಸುಳ್ಳಲ್ಲ. ಇಂಗ್ಲಿಷಿನ `t` ಒಂದೇ. ಅದು ತ ಆಗಬೇಕೋ ಟ ಆಗಬೇಕೋ ಎಂದು ಆ ಕೀಲಿ ಹೇಳುವುದಿಲ್ಲ. ನ ಮತ್ತು ಣ, ಲ ಮತ್ತು ಳ, ದ ಮತ್ತು ಡ, ಎ ಮತ್ತು ಏ, ಒ ಮತ್ತು ಓ ಎಲ್ಲದಕ್ಕೂ ಇದೇ ಪಾಡು. ಲಿಪ್ಯಂತರದಲ್ಲಿ ಎರಡು ಬಗೆ ಇದೆ. ಒಂದು ಕಟ್ಟುನಿಟ್ಟಿನದು, ಅದರಲ್ಲಿ `t` ಎಂದರೆ ತ, `T` ಎಂದರೆ ಟ ಎಂದು ನಿಯಮವೇ ಇರುತ್ತದೆ. ಇನ್ನೊಂದು ಊಹೆಯದು. ನೀವು ಒತ್ತಿದ್ದನ್ನು ತನಗೆ ಗೊತ್ತಿರುವ ಪದಗಳ ಜೊತೆ ಹೋಲಿಸಿ ಹತ್ತಿರದ್ದನ್ನು ಮುಂದಿಡುತ್ತದೆ. ‘ಮನೆ’, ‘ಮಳೆ’ಗಳಂಥ ದಿನಬಳಕೆಯ ಮಾತಿಗೆ ಊಹೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಸನ ತಾಲ್ಲೂಕಿನ ಒಂದು ಹೋಬಳಿಯ ಹೆಸರಿಗೆ ಅದರ ಬಳಿ ಆಧಾರ ಕಡಿಮೆ.

ಈ ದೋಷವನ್ನು ಕಂಡುಹಿಡಿಯುವುದು ಸುಲಭ. ತಪ್ಪೆಲ್ಲವೂ ತ–ಟ, ಲ–ಳ, ನ–ಣ ಜೋಡಿಗಳಲ್ಲೇ ಇದ್ದು, ಸಾಮಾನ್ಯ ಪದಗಳು ಸರಿಯಾಗಿದ್ದು, ಊರು ಮತ್ತು ಜನರ ಹೆಸರು ಮಾತ್ರ ಕೆಟ್ಟಿದ್ದರೆ ಅದು ಊಹೆಯ ಕೆಲಸ. ಮೇಲೆ ತೆರೆಯುವ ಆಯ್ಕೆಗಳ ಸಾಲನ್ನು ನೋಡದೆ ಸ್ಪೇಸ್ ಒತ್ತಿದ್ದಾರೆ ಎಂದೂ ತಿಳಿಯುತ್ತದೆ.

ಇನ್‌ಸ್ಕ್ರಿಪ್ಟ್‌ನಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸೇರಿ ಗೊತ್ತುಮಾಡಿದ ವಿನ್ಯಾಸ ಅದು. ಸ್ವರಗಳು ಎಡಗೈಗೆ, ಬಹುಪಾಲು ವ್ಯಂಜನಗಳು ಬಲಗೈಗೆ. ತ `l` ಕೀಲಿಯಲ್ಲಿದೆ, ಟ ಇರುವುದು ಉದ್ಧರಣ ಚಿಹ್ನೆಯ ಕೀಲಿಯಲ್ಲಿ. ಕಟ್ಟಾಯ ಬೇಕಾದರೆ ಹೀಗೆ ಒತ್ತಬೇಕು:

```
k ' d ' e /
```

ಕ, ಟ, ಅರ್ಧ ಮಾಡುವ ವಿರಾಮ, ಮತ್ತೆ ಟ, ಆಮೇಲೆ ದೀರ್ಘದ ಇಳಿ, ಕೊನೆಗೆ ಯ. ಆರು ಒತ್ತಿಗೆ ಆರು ಸಂಕೇತ, ಅದೇ ಅನುಕ್ರಮದಲ್ಲಿ. ಯಾರೂ ನಡುವೆ ಊಹಿಸುವುದಿಲ್ಲ. ಹಾಸನಕ್ಕೆ `u e m v`, ಮೊಸಳೆಗೆ ``c ` m N z``. ಕಾಗುಣಿತ ಹೇಳಿಕೊಂಡೇ ಬರೆಯುವ ಅಭ್ಯಾಸವಿದ್ದ ಮೇಷ್ಟ್ರಂಥವರಿಗೆ ಇದು ಒಗ್ಗುವ ದಾರಿ ಎಂದು ನನಗೆ ಆಮೇಲೆ ಹೊಳೆಯಿತು. ಅವರ ಲ್ಯಾಪ್‌ಟಾಪಿನಿಂದ ಅದನ್ನು ತೆಗೆದುಹಾಕಿದವನು ನಾನೇ. ಕಾಗದ, ಲೇಖನ ಬರೆಯುವವರಿಗೆ ಫೊನೆಟಿಕ್ ಸಾಕು. ನೂರಾರು ಹೆಸರುಗಳ ಪಟ್ಟಿ ಮಾಡುವವರಿಗೆ ಕಲಿಯುವ ಶ್ರಮವಾದರೂ ಇನ್‌ಸ್ಕ್ರಿಪ್ಟ್ ಅಥವಾ ಕಗಪವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

## ಕಣ್ಣಿಗೆ ಕಾಣದ ಸೊನ್ನೆ

ತ–ಟಗಳನ್ನೆಲ್ಲ ತಿದ್ದಿದೆವು. ಪಟ್ಟಿ ಓದಲು ಚೊಕ್ಕವಾಯಿತು. ಊರುವಾರು ಬೇರ್ಪಡಿಸೋಣ ಎಂದು ಎಕ್ಸೆಲ್‌ನಲ್ಲಿ `Ctrl+F` ಒತ್ತಿ ಶಾಂತಿಗ್ರಾಮ ಹುಡುಕಿದೆ. 17 ಸಿಕ್ಕಿತು. ಮೇಷ್ಟ್ರು ಕಾಗದದ ಮೇಲೆ ಬೆರಳಿಟ್ಟು ಎಣಿಸಿದರು: 29.

“ಇನ್ನು ಹನ್ನೆರಡು ಜನ ಎಲ್ಲಿ ಹೋದ್ರಯ್ಯ?” ಅಂದರು.

ಹನ್ನೆರಡೂ ಅಲ್ಲೇ ಇದ್ದವು. ಪರದೆಯಲ್ಲಿ ಶಾಂತಿಗ್ರಾಮ ಎಂದೇ ಕಾಣುತ್ತಿದ್ದವು. ಅಕ್ಷರ ದೊಡ್ಡದು ಮಾಡಿ ನೋಡಿದೆವು, ವ್ಯತ್ಯಾಸ ಇಲ್ಲ. ಮುಂದೆ ಹಿಂದೆ ಸ್ಪೇಸ್ ಸೇರಿಕೊಂಡಿದೆಯೇ ಎಂದು ನೋಡಿದೆವು, ಅದೂ ಇಲ್ಲ. ಒಂದೇ ಒಂದು ಸುಳಿವು ಇತ್ತು: ಸಿಗದಿದ್ದ ಊರುಗಳಲ್ಲೆಲ್ಲ ಅನುಸ್ವಾರ ಇತ್ತು. ಹಾಗೆಯೇ ಸಿಗದ ಸಾಲುಗಳೆಲ್ಲ ಆ ಹಿರಿಯರು ತುಂಬಿದ್ದವು. ಅವರೇ ತುಂಬಿದ್ದ ದುದ್ದ, ಸಾಲಗಾಮೆಗಳು ಸರಿಯಾಗಿ ಸಿಗುತ್ತಿದ್ದವು.

ಕಣ್ಣು ಸೋತಾಗ ಸಂಕೇತವನ್ನೇ ಕೇಳಬೇಕು. ಶಾಂತಿಗ್ರಾಮದಲ್ಲಿ ಶ ಒಂದನೆಯ ಸಂಕೇತ, ಇಳಿ ಎರಡನೆಯದು, ಅನುಸ್ವಾರ ಮೂರನೆಯದು. ಪಕ್ಕದ ಖಾಲಿ ಕಾಲಮ್ಮಿನಲ್ಲಿ ಮೂರನೆಯದರ ಸಂಖ್ಯೆ ಕೇಳಿದೆ:

```
=UNICODE(MID(B2,3,1))
```

ಸಿಕ್ಕ ಸಾಲುಗಳಲ್ಲಿ 3202 ಬಂತು. ಸಿಗದ ಸಾಲುಗಳಲ್ಲಿ 3302. ಯೂನಿಕೋಡಿನಲ್ಲಿ 3202 ಎಂದರೆ ಅನುಸ್ವಾರ. 3302 ಎಂದರೆ ಕನ್ನಡದ ಅಂಕಿ ಸೊನ್ನೆ. ವರ್ಡ್‌ನಲ್ಲಿ ಇದ್ದರೆ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು `Alt+X` ಒತ್ತಿದರೂ ಸಾಕು, ಅದೇ ಸಂಖ್ಯೆ ಹದಿನಾರರ ಲೆಕ್ಕದಲ್ಲಿ ಅನುಸ್ವಾರಕ್ಕೆ `0C82`, ಅಂಕಿಗೆ `0CE6` ಎಂದು ತೋರುತ್ತದೆ. ಮತ್ತೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ.

ಹಿರಿಯರಿಗೆ ಫೋನ್ ಮಾಡಿ, “ಅನುಸ್ವಾರ ಹೇಗೆ ಹಾಕ್ತೀರಿ ಅಣ್ಣ?” ಎಂದು ಕೇಳಿದೆ.

“ಶಾ ಹಾಕೋದು, ಆಮೇಲೆ ಅಂಕಿ ಇರೋ ಕಡೆ ಹೋಗಿ ಸೊನ್ನೆ ಹಾಕೋದು. ಇನ್ನೇನು?”

ನಾವೆಲ್ಲ ಒಂದನೇ ತರಗತಿಯಿಂದ ಅದನ್ನು ಸೊನ್ನೆ ಎಂದೇ ಕರೆದಿದ್ದೇವೆ. ಕೈಬರಹದಲ್ಲಿ ಎರಡಕ್ಕೂ ಒಂದೇ ಉಂಗುರ. ಅವರು ಆ ಮಾತನ್ನು ನಂಬಿ ಸೊನ್ನೆಯನ್ನು ಹುಡುಕಿದರು, ಸಿಕ್ಕಿತು, ಹಾಕಿದರು. ಪರದೆಯೂ ಅವರಿಗೆ ಏನೂ ಹೇಳಲಿಲ್ಲ. ಬಹಳಷ್ಟು ಫಾಂಟುಗಳಲ್ಲಿ ಅಂಕಿಯ ಸೊನ್ನೆಯೂ ಅನುಸ್ವಾರವೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ಇದು ಅವರೊಬ್ಬರ ತಪ್ಪೂ ಅಲ್ಲ. ನನ್ನ ಬಳಿ ಬರುವ ಕಡತಗಳಲ್ಲಿ ಇದನ್ನು ಆಗಾಗ ನೋಡುತ್ತೇನೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅನುಸ್ವಾರ `x` ಕೀಲಿಯಲ್ಲಿದೆ, ಕಗಪದಲ್ಲಿ `M`. ಫೋನಿನ ಕನ್ನಡ ಕೀಲಿಮಣೆಯಲ್ಲಿ ಅದು ಅಕ್ಷರಗಳಿರುವ ಪುಟದಲ್ಲೇ ಇರುತ್ತದೆ, ಅಂಕಿಗಳ ಪುಟಕ್ಕೆ ಹೋಗಬೇಕಾಗಿ ಬಂತೆಂದರೆ ದಾರಿ ತಪ್ಪಿದೆ ಎಂದರ್ಥ.

ಎಷ್ಟು ಸಾಲು ಕೆಟ್ಟಿವೆ ಎಂದು ತಿಳಿಯಲು ಇದನ್ನು ಬಳಸಿದೆ:

```
=SUMPRODUCT(--ISNUMBER(FIND(UNICHAR(3302),B2:B213)))
```

ಊರಿನ ಕಾಲಮ್ಮಿನಲ್ಲಿ 12 ಎಂದು ಬಂತು. ಕಳೆದುಹೋದ ಹನ್ನೆರಡು ಜನ ಅವರೇ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. `Ctrl+H` ಒತ್ತಿ ಇಡೀ ಹಾಳೆಯಲ್ಲಿ ಅಂಕಿ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿಬಿಟ್ಟೆ. ಶಾಂತಿಗ್ರಾಮಗಳು ಸರಿಹೋದವು. ಆದರೆ ಅದೇ ಹಿರಿಯರು ಶಾಲೆ ಬಿಟ್ಟ ವರ್ಷವನ್ನು ಕನ್ನಡ ಅಂಕಿಗಳಲ್ಲಿ ೧೯೯೦ ಎಂದು ಹಾಕಿದ್ದರು. ಅದರ ಕೊನೆಯ ಸೊನ್ನೆ ಅನುಸ್ವಾರವಾಗಿ ಕುಳಿತಿತು, ಅದೂ ಕಣ್ಣಿಗೆ ಕಾಣದ ಹಾಗೆ. ವರ್ಷವಾರು ಜೋಡಿಸಿದಾಗ ಆ ಸಾಲುಗಳು ಎಲ್ಲೋ ಹೋಗಿ ಬಿದ್ದದ್ದರಿಂದ ಗೊತ್ತಾಯಿತು. `Ctrl+Z` ಒತ್ತಿ ಹಿಂದಕ್ಕೆ ಬಂದು, ಊರಿನ ಕಾಲಮ್ಮಿಗೆ ಮಾತ್ರ, ಅದೂ ಪಕ್ಕದ ಬೇರೆ ಕಾಲಮ್ಮಿನಲ್ಲಿ ಹೀಗೆ ಮಾಡಿದೆ:

```
=SUBSTITUTE(B2,UNICHAR(3302),UNICHAR(3202))
```

ಹೆಸರಿನ ಕಾಲಮ್ಮಿಗೂ ಇದೇ ಸೂತ್ರ ನಡೆಯುತ್ತದೆ, ಏಕೆಂದರೆ ಹೆಸರಿನಲ್ಲಿ ಅಂಕಿ ಬರುವುದಿಲ್ಲ. ವಿಳಾಸದ ಕಾಲಮ್ಮಿಗೆ ನಡೆಯುವುದಿಲ್ಲ. ‘ಮನೆ ನಂ. ೨೦’ ಎಂಬಲ್ಲಿ ಮೊದಲನೆಯದು ಅನುಸ್ವಾರವಾಗಬೇಕು, ಕೊನೆಯದು ಅಂಕಿಯಾಗಿಯೇ ಉಳಿಯಬೇಕು. ಅಂಥ ಸಾಲುಗಳನ್ನು ಸೂತ್ರದಿಂದ ಗುರುತಿಸಬಹುದಷ್ಟೆ, ತಿದ್ದುವುದು ಕೈಯಿಂದಲೇ. ವಿಳಾಸದಲ್ಲಿ ಒಂಬತ್ತು ಇದ್ದವು. ಮೇಷ್ಟ್ರು ಓದುತ್ತ ಹೋದರು, ನಾನು ತಿದ್ದುತ್ತ ಹೋದೆ.

## ಕುಮಾರನ ಹಿಂದೆ ಅಡಗಿದ್ದು

ಆ ಮೂರು ದೋಷಗಳಲ್ಲದೆ ಇನ್ನೊಂದು ಸಣ್ಣ ತೊಡಕು ಉಳಿದಿತ್ತು. ಮೋಹನ್‌ಕುಮಾರ್ ಎಂಬ ಹೆಸರು ಪಟ್ಟಿಯಲ್ಲಿ ಮೂರು ಕಡೆ ಇತ್ತು. ಎರಡು ಕಡೆ ಮೋಹನ್‌ಕುಮಾರ್, ಒಂದು ಕಡೆ ಕು ಹೋಗಿ ನ ಅಡಿಯಲ್ಲಿ ಒತ್ತಾಗಿ ಮೋಹನ್ಕುಮಾರ್. `LEN` ಸೂತ್ರ ಹಾಕಿದರೆ ಮೊದಲನೆಯದಕ್ಕೆ 12, ಎರಡನೆಯದಕ್ಕೆ 11. ಆ ಒಂದು ಹೆಚ್ಚಿನ ಸಂಕೇತ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ತಡೆ. ಅದರ ಸಂಖ್ಯೆ 8204. ಅರ್ಧಾಕ್ಷರ ಮುಂದಿನದರ ಜೊತೆ ಕೂಡಿ ಒತ್ತಾಗದಂತೆ ತಡೆಯುವುದೇ ಅದರ ಕೆಲಸ. ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳಿಗೆ ವಿಭಕ್ತಿ ಹತ್ತಿಸುವಾಗಲೂ, ‘ಬ್ಯಾಂಕ್‌ನಲ್ಲಿ’ ಎನ್ನುವಾಗ, ಇದು ಬೇಕೇ ಬೇಕು. ಕೆಲವು ಫೊನೆಟಿಕ್ ಸಾಧನಗಳು ಇದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಹಾಗಾಗಿಯೇ ಮೂರು ಜನ ಟೈಪ್ ಮಾಡಿದ ಪಟ್ಟಿಯಲ್ಲಿ ಎರಡು ರೂಪ. ವರ್ಡ್‌ನಲ್ಲಿ ಕೈಯಿಂದ ಹಾಕಬೇಕಾದರೆ ‘ಮೋಹನ್’ ಆದ ಮೇಲೆ ಇಂಗ್ಲಿಷಿಗೆ ಬದಲಿಸಿ, 8204 ಅನ್ನೇ ಹದಿನಾರರ ಲೆಕ್ಕದಲ್ಲಿ `200C` ಎಂದು ಒತ್ತಿ `Alt+X` ಒತ್ತಿ, ಮತ್ತೆ ಕನ್ನಡಕ್ಕೆ ಬಂದು ‘ಕುಮಾರ್’ ಮುಂದುವರಿಸಬೇಕು.

ಹುಡುಕುವಾಗ ಇದೇ ಅಡ್ಡ ಬರುತ್ತದೆ. ಹುಡುಕುವವರು ಈ ತಡೆಯನ್ನು ಒತ್ತುವುದಿಲ್ಲ, ಪಟ್ಟಿಯಲ್ಲಿ ಅದು ಇರುತ್ತದೆ. ಎರಡೂ ಕೂಡಿಬರದೆ ಹೆಸರು ಸಿಗದೆ ಹೋಗಬಹುದು. ಹಾಗೆಂದು ಅದನ್ನು ಅಳಿಸಿಹಾಕಿದರೆ ಅಚ್ಚಿನಲ್ಲಿ ಹೆಸರು ಕೆಡುತ್ತದೆ. ಅದಕ್ಕೆ ಅಚ್ಚಿಗೆ ಹೋಗುವ ಹೆಸರನ್ನು ಹಾಗೇ ಬಿಟ್ಟು, ಹುಡುಕುವುದಕ್ಕೆಂದೇ ಕೊನೆಯಲ್ಲಿ ಇನ್ನೊಂದು ಕಾಲಮ್ ಮಾಡಿದೆ:

```
=SUBSTITUTE(A2,UNICHAR(8204),"")
```

ಸಂಜೆ ಅಂಗಡಿ ಮುಚ್ಚುವ ಮುಂಚೆ ಮೇಷ್ಟ್ರು ತಾವೇ ಕುಳಿತು ಶಾಂತಿಗ್ರಾಮ ಹುಡುಕಿದರು. 29 ಬಂತು. ಕಾಗದದ ಮೇಲಿನ ಎಣಿಕೆಗೆ ಟಿಕ್ ಹಾಕಿ, ಇನ್‌ಸ್ಕ್ರಿಪ್ಟ್ ಕೀಲಿಗಳ ಚಿತ್ರವೊಂದನ್ನು ಮುದ್ರಿಸಿ ಕೊಡು ಎಂದು ಕೇಳಿ ತೆಗೆದುಕೊಂಡು ಹೋದರು.